ಉಸಿರು ನಿಧಾನ ಮಾಡಿದರೆ ಬಿಪಿ ಇಳಿಯುತ್ತಾ? ಮನೆಯಲ್ಲೇ ಅಳೆದು ನೋಡುವ ಕ್ರಮ

ಬಿಪಿ ಮಷಿನ್ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಆರು ಸಲ ದೀರ್ಘವಾಗಿ ಉಸಿರಾಡಿ, ಆಮೇಲೆ ಬಟನ್ ಒತ್ತಿ. ಹೆಚ್ಚಿನವರಲ್ಲಿ ಮೇಲಿನ ಸಂಖ್ಯೆ ಸ್ವಲ್ಪ ಇಳಿದಿರುತ್ತದೆ. ಜಪಾನ್‌ನಲ್ಲಿ 20,000ಕ್ಕೂ ಹೆಚ್ಚು ಜನರ ಮೇಲೆ ಇದನ್ನೇ ಮಾಡಿ ನೋಡಿ 2005ರಲ್ಲಿ ಪ್ರಕಟಿಸಿದ್ದರು. ಸುಮ್ನೆ ಕೂತಿದ್ದವರಿಗಿಂತ ಉಸಿರಾಡಿದವರಲ್ಲಿ ಇಳಿತ ಜಾಸ್ತಿ ಇತ್ತು. ಬಿಪಿ ಇದ್ದವರಲ್ಲಿ ಇನ್ನೂ ಜಾಸ್ತಿ.

ವಾಟ್ಸಾಪ್‌ನಲ್ಲಿ ಬರುವ ‘ಐದೇ ನಿಮಿಷದಲ್ಲಿ ಬಿಪಿ ಇಳಿಸಿ’ ವಿಡಿಯೊಗಳೆಲ್ಲ ನಿಂತಿರುವುದು ಇದರ ಮೇಲೆಯೇ. ಅವರು ತೋರಿಸುವ ರೀಡಿಂಗ್ ಸುಳ್ಳಲ್ಲ. ಆದರೆ ಉಸಿರಾಡಿ ಎದ್ದ ಕೂಡಲೇ ಸಿಗುವ ಸಂಖ್ಯೆ ನಮಗೆ ಬೇಕಾದದ್ದಲ್ಲ. ಮರುದಿನ ಬೆಳಿಗ್ಗೆ ಏಳುವಾಗ, ಸಂಜೆ ಕೆಲಸ ಮುಗಿಸಿ ಕೂತಾಗ ಬಿಪಿ ಎಷ್ಟಿದೆ? ರಕ್ತನಾಳಕ್ಕೆ ಪೆಟ್ಟು ಕೊಡುವುದು ದಿನವಿಡೀ ಇರುವ ಆ ಒತ್ತಡ.

ಹತ್ತು ಸೆಕೆಂಡಿನ ಲೆಕ್ಕ

ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಒತ್ತಡವನ್ನು ಗಮನಿಸುವ ನರಗಳ ತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೃದಯ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ಈ ಏರಿಳಿತದ ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು ಬೇಕು. ನಿಧಾನ ಉಸಿರಾಟದ ಗುರಿ ನಿಮಿಷಕ್ಕೆ ಆರು ಉಸಿರು, ಅಂದರೆ ಒಂದೊಂದಕ್ಕೆ ಹತ್ತು ಸೆಕೆಂಡು. ಉಸಿರಿನ ಲಯ ಮತ್ತು ಈ ಸುತ್ತು ಒಂದೇ ಹೆಜ್ಜೆಗೆ ಬಂದಾಗ, ಬಿಪಿ ಇರುವವರಲ್ಲಿ ಮಂದವಾಗಿದ್ದ ಈ ವ್ಯವಸ್ಥೆ ಚುರುಕಾಗುತ್ತದೆ.

ಇಟಲಿಯ ಸಂಶೋಧಕರು 2001ರಲ್ಲಿ ಒಂದು ಸ್ವಾರಸ್ಯದ ವಿಷಯ ಹೇಳಿದರು. ಲ್ಯಾಟಿನ್‌ನಲ್ಲಿ ಜಪಮಾಲೆ ಪ್ರಾರ್ಥನೆ ಹೇಳುವವರ ಉಸಿರೂ, ‘ಓಂ ಮಣಿ ಪದ್ಮೇ ಹುಂ’ ಎಂದು ಜಪಿಸುವವರ ಉಸಿರೂ ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು. ಎರಡರಿಂದಲೂ ಆದ ಪರಿಣಾಮ ಒಂದೇ. ಹಾಗಾಗಿ ಯಾವ ಹೆಸರಿನ ಪ್ರಾಣಾಯಾಮ, ಯಾವ ಮೂಗಿನ ಹೊಳ್ಳೆ ಎಂಬುದಕ್ಕಿಂತ ವೇಗವೇ ಮುಖ್ಯ ಎಂದು ನನಗನ್ನಿಸುತ್ತದೆ. ನಾಡಿಶೋಧನ ಮಾಡುವವರು ಅದನ್ನೇ ಮಾಡಲಿ, ಗಡಿಯಾರದ ಮೇಲೆ ಒಂದು ಕಣ್ಣಿರಲಿ.

ಪುರಾವೆ ಎಲ್ಲಿಯವರೆಗೆ?

ಉಸಿರನ್ನು ನಿಧಾನ ಮಾಡಿಸುವ ಒಂದು ಉಪಕರಣವೇ ಮಾರುಕಟ್ಟೆಯಲ್ಲಿದೆ. ಎದೆ ಇಲ್ಲವೇ ಹೊಟ್ಟೆಯ ಸುತ್ತ ಪಟ್ಟಿ, ಕಿವಿಗೆ ಹೆಡ್‌ಫೋನ್. ಅದರ ಮೇಲೆ ಹಲವು ಪ್ರಯೋಗಗಳು ನಡೆದವು. ದಿನಕ್ಕೆ ಕಾಲು ಗಂಟೆ, ಸಾಮಾನ್ಯವಾಗಿ ಎಂಟು ವಾರ. 2012ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಮೇಲಿನ ಸಂಖ್ಯೆಯಲ್ಲಿ ಸರಾಸರಿ ನಾಲ್ಕರಷ್ಟು, ಕೆಳಗಿನದರಲ್ಲಿ ಎರಡೂವರೆಯಷ್ಟು ಇಳಿತ ಕಂಡಿತು. ಆದರೆ ತಯಾರಕರ ನಂಟಿದ್ದ ಪ್ರಯೋಗಗಳನ್ನು ತೆಗೆದಿಟ್ಟು ಲೆಕ್ಕ ಹಾಕಿದರೆ ಆ ಇಳಿತ ಖಚಿತವಾಗಿ ಉಳಿಯಲಿಲ್ಲ. ಇದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ, ಅಲ್ವಾ.

ಹೋಲಿಕೆಗೆ ಹೇಳುವುದಾದರೆ, ಸಾಮಾನ್ಯ ಡೋಸಿನ ಒಂದು ಬಿಪಿ ಮಾತ್ರೆ ಮೇಲಿನ ಸಂಖ್ಯೆಯನ್ನು ಸರಾಸರಿ ಒಂಬತ್ತರಷ್ಟು ಇಳಿಸುತ್ತದೆ. ಉಸಿರಾಟದ ಲಾಭವನ್ನು ಉದಾರವಾಗಿ ಎಣಿಸಿದರೂ ಅದರ ಅರ್ಧದಷ್ಟೂ ಆಗುವುದಿಲ್ಲ. ಮಾತ್ರೆ ಪಾರ್ಶ್ವವಾಯು, ಹೃದಯಾಘಾತ ಕಡಿಮೆ ಮಾಡುತ್ತದೆ ಎಂಬುದು ದೊಡ್ಡ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ. ನಿಧಾನ ಉಸಿರಾಟದ ಬಗ್ಗೆ ಅಂಥ ಪುರಾವೆ ಇಲ್ಲ.

ಧ್ಯಾನದ ಕತೆ ಇನ್ನೂ ಗೊಂದಲದ್ದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಇವನ್ನೆಲ್ಲ ತೂಗಿ ನೋಡಿತು. ಉಪಕರಣದ ನೆರವಿನ ನಿಧಾನ ಉಸಿರಾಟಕ್ಕೆ ಒಂದು ಮಟ್ಟದ ಒಪ್ಪಿಗೆ ಕೊಟ್ಟಿತು. ಮನಸ್ಸಿನಲ್ಲೇ ಮಂತ್ರ ಹೇಳಿಕೊಳ್ಳುವ ಭಾವಾತೀತ ಧ್ಯಾನವನ್ನು ‘ಬೇಕಾದರೆ ಪರಿಗಣಿಸಬಹುದು’ ಅಂದಿತು. ಉಳಿದ ಧ್ಯಾನ ಪದ್ಧತಿಗಳನ್ನು ಬಿಪಿ ಇಳಿಸಲೆಂದೇ ಸೂಚಿಸುವಷ್ಟು ಪುರಾವೆ ಸಿಗಲಿಲ್ಲ ಎಂದಿತು. ಕೆನಡಾದ ಒಂದು ಪ್ರಯೋಗದಲ್ಲಿ ಮಾತ್ರೆ ಶುರು ಮಾಡದ ಬಿಪಿ ರೋಗಿಗಳಿಗೆ ಎಂಟು ವಾರ ಧ್ಯಾನ ಕಲಿಸಿ, ದಿನಪೂರ್ತಿ ಮೈಮೇಲೆ ಕಟ್ಟಿಕೊಳ್ಳುವ ಮಷಿನ್‌ನಿಂದ ಅಳೆದರು. ಹೇಳಿಕೊಳ್ಳುವಂಥ ಇಳಿತ ಇರಲಿಲ್ಲ. ಧ್ಯಾನದಿಂದ ಮನಸ್ಸಿಗೆ ಹಿತವಾಗಬಹುದು, ಅದು ಬೇರೆ ವಿಷಯ.

ಮಾಡುವುದು ಹೀಗೆ

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ಎದುರಿಗೆ ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ ಇರಲಿ. ಮೊದಲ ದಿನ ಏನನ್ನೂ ಬದಲಿಸದೆ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ. ಸಾಮಾನ್ಯವಾಗಿ 12ರಿಂದ 18ರ ನಡುವೆ ಇರುತ್ತದೆ.

ಒಂದೇ ಸಲಕ್ಕೆ ಆರಕ್ಕೆ ಇಳಿಯಲು ಹೋಗಬೇಡಿ. ಮೊದಲ ಮೂರ್ನಾಲ್ಕು ದಿನ ಮೂರು ಸೆಕೆಂಡು ಒಳಗೆ, ಮೂರು ಸೆಕೆಂಡು ಹೊರಗೆ. ಅದು ನಿಮಿಷಕ್ಕೆ ಹತ್ತಾಯಿತು. ಸರಾಗವಾದ ಮೇಲೆ ಮೂರು ಒಳಗೆ, ಐದು ಹೊರಗೆ. ಆಮೇಲೆ ನಾಲ್ಕು ಒಳಗೆ, ಆರು ಹೊರಗೆ. ಇದೇ ನಮ್ಮ ಆರರ ಲೆಕ್ಕ. ಮೂಗಿನಲ್ಲೇ ಉಸಿರಾಡಿ. ನಡುವೆ ಉಸಿರು ಕಟ್ಟಬೇಡಿ. ದಿನಕ್ಕೆ 15 ನಿಮಿಷ, ವಾರದಲ್ಲಿ ಹೆಚ್ಚಿನ ದಿನ. ಎಣಿಕೆ ಬೇಜಾರಾದರೆ ಇಷ್ಟದ ಮಂತ್ರ ಹೇಳಿಕೊಳ್ಳಿ. ಒಂದು ಸುತ್ತಿಗೆ ಹತ್ತು ಸೆಕೆಂಡು ಆಗುತ್ತದಾ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ಜನ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ನಿಧಾನ ಅಂದರೆ ಎದೆ ತುಂಬ ಎಳೆದುಕೊಳ್ಳುವುದು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಇದು ‘ಶಕ್ತಿ ಹರಿಯುವ’ ಲಕ್ಷಣ ಅಲ್ಲ. ಕಡಿಮೆ ಗಾಳಿ ಎಳೆದುಕೊಳ್ಳಿ ಎಂಬ ಸೂಚನೆ. ಉಸಿರಿನ ಸದ್ದು ಪಕ್ಕದವರಿಗೆ ಕೇಳಬಾರದು, ಭುಜ ಮೇಲೇಳಬಾರದು. ಇನ್ನು ಕಪಾಲಭಾತಿ, ಭಸ್ತ್ರಿಕಾ, ದೀರ್ಘ ಕುಂಭಕ: ಬಿಪಿ ಹಿಡಿತಕ್ಕೆ ಬರದವರು ಇವನ್ನು ಬಿಡುವುದೇ ಒಳ್ಳೆಯದು. ಉಸಿರು ಕಟ್ಟಿ ಬಿಗಿಹಿಡಿದರೆ ಒತ್ತಡ ಏರುತ್ತದೆ.

ಅಳೆಯುವುದು ಹೀಗೆ

ಬಾಳೆಹೊನ್ನೂರಿನ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್ ಆಗಿ ನಿವೃತ್ತರಾದ ನಮ್ಮ ಮಾವನ ಲೆಕ್ಕ ಹೇಳುತ್ತೇನೆ. ಅವರದು ದಿನಕ್ಕೊಂದು ಆಮ್ಲೋಡಿಪಿನ್ 5 ಎಂಜಿ. ಉಸಿರಾಟ ಶುರು ಮಾಡಿದ ಮೊದಲ ವಾರವೇ ಫೋನ್ ಮಾಡಿ, “ಕೂತು ಎದ್ದ ಮೇಲೆ 128 ತೋರಿಸ್ತು ಕಣೋ, ಇನ್ನು ಮಾತ್ರೆ ಯಾಕೆ?” ಅಂದರು. “ಮಾವ, ಮಾತ್ರೆ ಬಿಡಬೇಡಿ. ಉಸಿರಾಟವನ್ನ ಒಂದು ವಾರ ನಿಲ್ಲಿಸಿ, ಮೊದಲು ಸರಿಯಾಗಿ ಅಳೆಯೋಣ” ಅಂದೆ.

ಎಸ್ಟೇಟಿನ ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆದ ಕೈ. ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಪೆನ್ಸಿಲ್ ಗೆರೆ ಎಳೆದರು. ತಾರೀಖು, ಬೆಳಿಗ್ಗೆ ಎರಡು, ಸಂಜೆ ಎರಡು. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಕಾಫಿಗೂ ಮಾತ್ರೆಗೂ ಮೊದಲು. ಕಾಫಿ ಕುಡಿದಿದ್ದರೆ ಕನಿಷ್ಠ ಅರ್ಧ ಗಂಟೆ ಬಿಟ್ಟು. ಐದು ನಿಮಿಷ ಮಾತಿಲ್ಲದೆ ಕೂತು, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲದೆ. ಅಂಗಿಯ ತೋಳಿನ ಮೇಲಲ್ಲ, ಬರಿಯ ತೋಳಿಗೇ ಪಟ್ಟಿ. ಎರಡು ರೀಡಿಂಗ್ ನಡುವೆ ಒಂದು ನಿಮಿಷ.

ಅವರ ಕುರ್ಚಿಯ ಪಕ್ಕ ಮೇಜಿರಲಿಲ್ಲ. ಕೈ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ತೋಳಿನ ಪಟ್ಟಿ ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಬಿಪಿ ಏಳೆಂಟು ಜಾಸ್ತಿ ತೋರಿಸುತ್ತದೆ. ಉಸಿರಾಟದಿಂದ ನಿರೀಕ್ಷಿಸುವ ಲಾಭದ ಎರಡರಷ್ಟು ತಪ್ಪು ಬರೀ ಕೈ ಇಡುವುದರಲ್ಲೇ! ಊಟದ ಮೇಜಿನ ಮೇಲೆ ದಿಂಬಿಟ್ಟು ಸರಿಮಾಡಿದೆವು.

ಏಳು ದಿನ ಬರೆದರು. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ರೀಡಿಂಗ್‌ನ ಸರಾಸರಿ 142/86. ಬಿಡಿಬಿಡಿ ರೀಡಿಂಗ್‌ಗಳು 133ರಿಂದ 151ರವರೆಗೆ ಕುಣಿದಿದ್ದವು. ಯಾಕೆ ಒಂದು ರೀಡಿಂಗ್ ನಂಬಬಾರದು ಅನ್ನುವುದಕ್ಕೆ ಆ ಪುಟ ಸಾಕು. ಆಮೇಲೆ ಆರು ವಾರ, ದಿನವೂ ಮಧ್ಯಾಹ್ನ ಕಾಲು ಗಂಟೆ ಉಸಿರಾಟ. ಮಾತ್ರೆ, ಊಟ, ಉಪ್ಪು ಎಲ್ಲ ಹಾಗೇ. ಕೊನೆಯ ವಾರ ಮತ್ತೆ ಅದೇ ಹೊತ್ತಿಗೆ, ಉಸಿರಾಟ ಮುಗಿಸಿ ಗಂಟೆಗಳಾದ ಮೇಲೆ ಅಳೆದರು. ಸರಾಸರಿ 138/84.

ನಾಲ್ಕು ಇಳಿಯಿತು. ಪೂರ್ತಿ ಉಸಿರಾಟದ್ದೇ ಎಂದು ಹೇಳಲಾಗುವುದಿಲ್ಲ. ಅಳೆಯುವುದು ರೂಢಿಯಾದರೂ ಒಂದೆರಡು ಇಳಿಯುತ್ತದೆ. ಏನೇ ಆಗಲಿ, ಮನೆಯಲ್ಲಿ ಅಳೆಯುವಾಗ 135/85 ದಾಟಿದರೆ ಅದು ಹೆಚ್ಚೇ. ಮಾವನ 138 ಇನ್ನೂ ಗೆರೆಯ ಆಚೆಗೇ ಇತ್ತು. ನೋಟ್‌ಬುಕ್ ನೋಡಿದ ಡಾಕ್ಟರ್ ಇನ್ನೊಂದು ಮಾತ್ರೆ ಸೇರಿಸಿದರು, ಉಸಿರಾಟ ಮುಂದುವರಿಸಿ ಅಂದರು.

ಮೋಸ ಹೋಗುವ ಎರಡು ದಾರಿ

ಒಂದು, ಹವಾಮಾನ. ಚಳಿಯಲ್ಲಿ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಚಿಕ್ಕಮಗಳೂರಿನ ಜನವರಿ ಚಳಿಯಲ್ಲಿ ಪ್ರಾಣಾಯಾಮ ಶುರು ಮಾಡಿ ಏಪ್ರಿಲ್‌ನಲ್ಲಿ ಅಳೆದರೆ ಏನೂ ಮಾಡದವರಿಗೂ ಇಳಿದಿರಬಹುದು. ಪರೀಕ್ಷೆ ಮಾಡುವುದಾದರೆ ಒಂದೇ ಹವೆಯ ಒಳಗೆ ಮುಗಿಸಿ.

ಎರಡನೆಯದು ಅಪಾಯದ್ದು. ಆಮ್ಲೋಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೋಗುತ್ತದೆ. ಅರ್ಧದಷ್ಟು ಖಾಲಿಯಾಗಲು 30ರಿಂದ 50 ಗಂಟೆ ಬೇಕು. ಇವತ್ತು ಮಾತ್ರೆ ಬಿಟ್ಟರೆ ನಾಳೆ, ನಾಡಿದ್ದು ಬಿಪಿ ಚೆನ್ನಾಗಿಯೇ ಇರುತ್ತದೆ. ‘ನೋಡಿ, ಪ್ರಾಣಾಯಾಮದಲ್ಲೇ ನಿಂತಿದೆ’ ಅನ್ನಿಸುತ್ತದೆ. ಏರುವುದು ಆಮೇಲೆ, ಅದೂ ಸದ್ದಿಲ್ಲದೆ. ಅಟೆನೋಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಯನ್ನಂತೂ ದಿಢೀರ್ ಬಿಟ್ಟರೆ ಹೃದಯದ ಬಡಿತ, ಬಿಪಿ ಒಟ್ಟಿಗೇ ಏರಬಹುದು. ಸರಾಸರಿ ನಿಜವಾಗಿ ಇಳಿದು ತಲೆಸುತ್ತು ಬರುತ್ತಿದ್ದರೆ ಬರೆದಿಟ್ಟ ಲೆಕ್ಕ ತೋರಿಸಿ. ಡೋಸ್ ತಗ್ಗಿಸುವುದು ಡಾಕ್ಟರ್ ಕೆಲಸ.

ಮೇಲಿನ ಸಂಖ್ಯೆ 180, ಇಲ್ಲವೇ ಕೆಳಗಿನದು 120 ದಾಟಿದ್ದರೆ ಐದು ನಿಮಿಷ ಸುಮ್ನೆ ಕೂತು ಇನ್ನೊಮ್ಮೆ ಅಳೆಯಿರಿ. ಅಷ್ಟೇ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಎದೆನೋವು, ಏದುಸಿರು, ಮಾತು ತೊದಲುವುದು, ಬಾಯಿ ಒಂದು ಕಡೆ ವಾಲುವುದು, ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಮತ್ತೆ ಅಳೆಯುತ್ತಲೂ, ಉಸಿರು ಎಣಿಸುತ್ತಲೂ ಕೂರಬೇಡಿ. 108ಕ್ಕೆ ಫೋನ್ ಮಾಡಿ.