ಕಾರ್ಡ್‌ರಾಯ್ ಪ್ಯಾಂಟಿನ ಅಂಚು ಬೆಳ್ಳಗಾಗುವುದು ಯಾಕೆ? ಒಗೆಯುವುದು ಹೇಗೆ?

ಕಾಫಿ ಬಣ್ಣದ ಕಾರ್ಡ್‌ರಾಯ್ ಪ್ಯಾಂಟ್ ಒಂದಿದೆ ಅಂದುಕೊಳ್ಳಿ. ಬೀದರಿನ ಚಳಿಗೆ ಅಂತ ಹೊಲಿಸಿದ್ದು. ಎರಡು ಚಳಿಗಾಲ ಕಳೆದಿದೆ. ತೊಡೆಯ ಮೇಲೆ ಬಣ್ಣ ಇನ್ನೂ ಹೊಸದರ ಹಾಗೇ ಇದೆ. ಆದರೆ ಜೇಬಿನ ಬಾಯಿ, ಕಾಲಿನ ಕೆಳಮಡಿಕೆ, ಪಕ್ಕದ ಹೊಲಿಗೆ, ಮೊಣಕಾಲು ಮಾತ್ರ ತೆಳ್ಳಗೆ ಬಿಳಿಚಿವೆ. ಬಣ್ಣ ಬಿಡುವ ಬಟ್ಟೆ ಕೊಟ್ಟ ಅಂತ ಅಂಗಡಿಯವನನ್ನು ಬೈಯುವ ಮೊದಲು ಆ ಜಾಗವನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಹೆಚ್ಚಿನ ಸಲ ಹೋಗಿರುವುದು ಬಣ್ಣಕ್ಕಿಂತ ಜಾಸ್ತಿ ರೋಮ, ಅಂದರೆ ಬಟ್ಟೆಯ ಮೇಲೆ ಎದ್ದು ನಿಂತಿರುವ ಮೆತ್ತನೆ ನೂಲಿನ ತುದಿಗಳು.

ಈ ಬಟ್ಟೆಯ ಕಟ್ಟೇ ಹಾಗಿದೆ. ಕೆಳಗೆ ಗಟ್ಟಿಯಾದ ಮಾಮೂಲಿ ನೇಯ್ಗೆ ಇರುತ್ತದೆ. ಅದರ ಜೊತೆ ಇನ್ನಷ್ಟು ಅಡ್ಡ ನೂಲುಗಳನ್ನು ಸಡಿಲವಾಗಿ ಮೇಲೆ ಹಾಯಿಸಿ ನೇಯುತ್ತಾರೆ. ನೇಯ್ದಾದ ಮೇಲೆ ಆ ಸಡಿಲ ನೂಲುಗಳನ್ನು ಸಾಲಾಗಿ ಚಾಕುವಿನಿಂದ ನಡುವೆ ಕೊಯ್ಯುತ್ತಾರೆ. ಕೊಯ್ದ ತುದಿಗಳು ಎದ್ದು ನಿಲ್ಲುತ್ತವೆ, ಬ್ರಷ್ ಹೊಡೆದಾಗ ಒತ್ತೊತ್ತಾಗಿ ಸೇರಿ ಉದ್ದುದ್ದ ದಿಂಡುಗಳಾಗುತ್ತವೆ. ಅಂದರೆ ನೀವು ಮುಟ್ಟುವ ಮೆತ್ತನೆ ಭಾಗವೆಲ್ಲ ಕತ್ತರಿಸಿದ ನೂಲಿನ ತುದಿಗಳು. ಕೆಳಗಿನ ಒಂದೋ ಮೂರೋ ಉದ್ದ ನೂಲುಗಳು ಅವನ್ನು ಹಿಡಿದುಕೊಂಡಿರುತ್ತವೆ, ಅಷ್ಟೇ.

ಒಂದು ಇಂಚಿನ ಅಗಲದಲ್ಲಿ ಎಷ್ಟು ದಿಂಡು ಇವೆ ಅನ್ನುವುದೇ ವೇಲ್ ಲೆಕ್ಕ. ಸ್ಕೇಲ್ ಅಡ್ಡ ಇಟ್ಟು ಎಣಿಸಿದರೆ ಸಾಕು. ಪ್ಯಾಂಟಿಗೆ ಸಾಮಾನ್ಯವಾಗಿ ಬರುವುದು 11ರ ಆಸುಪಾಸು. 16ಕ್ಕಿಂತ ಮೇಲಿನದು ಸಣ್ಣ ಗೆರೆ, ಶರ್ಟಿಗೂ ಮಕ್ಕಳ ಫ್ರಾಕಿಗೂ ಚೆನ್ನ. 4, 5 ಅಂದರೆ ದಪ್ಪ ದಿಂಡು, ಜಾಕೆಟ್ಟಿಗೆ, ಸೋಫಾ ಕವರಿಗೆ. ಸಂಖ್ಯೆ ಹೆಚ್ಚಾದಷ್ಟು ದಿಂಡು ಸಣ್ಣದು. ಸಣ್ಣ ದಿಂಡಿನ ರೋಮ ಗಿಡ್ಡ, ಆದ್ದರಿಂದ ಸವೆತ ಬೇಗ ಕಣ್ಣಿಗೆ ಬೀಳುತ್ತದೆ. ದಿನಾ ಸ್ಕೂಟರ್ ಮೇಲೆ ಕೂರುವವರು 21ರ ಬಟ್ಟೆಯಲ್ಲಿ ಪ್ಯಾಂಟ್ ಹೊಲಿಸದಿರುವುದೇ ಒಳ್ಳೆಯದು.

ರೋಮ ಯಾವ ಕಡೆ ಮಲಗಿದೆ?

ಬಟ್ಟೆ ಕೊಳ್ಳುವಾಗಲೇ ಇದನ್ನು ನೋಡಿಬಿಡಿ. ದಿಂಡಿನ ಉದ್ದಕ್ಕೆ ಅಂಗೈ ಸವರಿ. ಒಂದು ಕಡೆಗೆ ನುಣ್ಣಗೆ ಜಾರುತ್ತದೆ, ವಾಪಸ್ ಬರುವಾಗ ಕೈ ತಡೆಯುತ್ತದೆ. ನುಣ್ಣಗೆ ಜಾರುವ ದಿಕ್ಕಿಗೇ ರೋಮ ಮಲಗಿದೆ. ಈಗ ಆ ತುಂಡನ್ನು ತಲೆಕೆಳಗು ಮಾಡಿ ಬಾಗಿಲ ಬೆಳಕಿಗೆ ಹಿಡಿಯಿರಿ. ಒಂದು ಸಲ ಗಾಢವಾಗಿ, ಇನ್ನೊಂದು ಸಲ ತಿಳಿಯಾಗಿ ಕಾಣುತ್ತದೆ, ಬಟ್ಟೆ ಮಾತ್ರ ಅದೇ. ರೋಮದ ತುದಿ ನಮ್ಮ ಕಡೆ ಇದ್ದರೆ ಬೆಳಕು ಅದರ ಸಂದಿಗೆ ಇಳಿದು ಅಲ್ಲೇ ಉಳಿಯುತ್ತದೆ, ಬಣ್ಣ ಆಳವಾಗಿ ಕಾಣುತ್ತದೆ. ರೋಮದ ಬದಿ ನಮ್ಮ ಕಡೆ ಇದ್ದರೆ ಬೆಳಕು ಮೇಲಿಂದಲೇ ತಿರುಗಿ ಹೊಳೆಯುತ್ತದೆ.

ಅದಕ್ಕೇ ಪ್ಯಾಂಟಿನ ಎಲ್ಲ ತುಂಡೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಸಾದಾ ಬಟ್ಟೆಯಲ್ಲಿ ಉಳಿತಾಯಕ್ಕೆ ಅಂತ ಒಂದು ಕಾಲು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇಟ್ಟು ಕತ್ತರಿಸುವುದುಂಟು. ಇಲ್ಲಿ ಹಾಗೆ ಮಾಡಿದರೆ ಎರಡು ಕಾಲು ಎರಡು ಬಣ್ಣ. ಬೀದರಿನ ನಮ್ಮ ಟೇಲರ್ ಅಳತೆ ತಗೊಳ್ಳುವಾಗಲೇ ಹೇಳಿಬಿಡುತ್ತಾರೆ: "ಅರ್ಧ ಮೀಟರ್ ಜಾಸ್ತಿ ತರ್ರಿ ಸಾಹೇಬ್ರ. ಅರಿವಿ ಕಡಿಮಿ ಬಿದ್ರ ಒಂದ್ ಕಾಲು ಉಲ್ಟಾ ಕತ್ತರಿಸಬೇಕಾಗ್ತದ, ಆಮ್ಯಾಲ ನನಗ ಬೈಬ್ಯಾಡ್ರಿ." ಅವರು ಪ್ರತಿ ತುಂಡಿನ ಹಿಂಬದಿಗೂ ಸೀಮೆಸುಣ್ಣದಲ್ಲಿ ಬಾಣ ಹಾಕುತ್ತಾರೆ. ರೋಮ ಮೇಲ್ಮುಖ ಇಟ್ಟರೆ ಬಣ್ಣ ಚೆಂದ. ಕೆಳಮುಖ ಇಟ್ಟರೆ ಕೈಗೆ ನುಣುಪು, ದೂಳು ಕೊಡವುವುದೂ ಸುಲಭ. ದಿನಬಳಕೆಯ ಪ್ಯಾಂಟಿಗೆ ನನ್ನ ಮತ ಕೆಳಮುಖಕ್ಕೆ.

ಅಂಚೇ ಯಾಕೆ?

ಬಟ್ಟೆ ಚಪ್ಪಟೆಯಾಗಿ ಇರುವ ಕಡೆ ರೋಮಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಉಜ್ಜಿದರೂ ತುದಿ ಮಾತ್ರ ಸಿಗುತ್ತದೆ. ಮಡಿಕೆಯಲ್ಲಿ ಹಾಗಲ್ಲ. ಬಟ್ಟೆ ಹೊರಕ್ಕೆ ಬಾಗಿದಾಗ ರೋಮಗಳು ಕವಲಾಗಿ ತೆರೆದುಕೊಂಡು ಬುಡ ಕಾಣುತ್ತದೆ. ಜೊತೆಗೆ ಹೊಲಿಗೆಯ ಒಳಗೆ ನಾಲ್ಕೈದು ಪದರ ಬಟ್ಟೆ ಸೇರಿ ಆ ಜಾಗ ಗಟ್ಟಿಯಾಗಿ ಎತ್ತರಕ್ಕೆ ನಿಂತಿರುತ್ತದೆ. ಜೇಬಿಗೆ ಕೈ ಹಾಕುವಾಗ, ಮೊಬೈಲ್ ತೆಗೆಯುವಾಗ, ಮಷಿನ್ನಿನ ಡ್ರಮ್ಮಿಗೆ ತಾಗುವಾಗ ಮೊದಲು ಪೆಟ್ಟು ಬೀಳುವುದು ಅದಕ್ಕೇ. ರೋಮ ಸವೆದ ಮೇಲೆ ಕಾಣುವುದು ಕೆಳಗಿನ ನೇಯ್ಗೆ. ಬೆಳಕನ್ನು ಹಿಡಿದಿಡಲು ಅಲ್ಲಿ ಏನೂ ಇಲ್ಲ, ಅದಕ್ಕೆ ಅದು ತಿಳಿಯಾಗಿ ಕಾಣುತ್ತದೆ. ನೂಲಿನ ಮೇಲ್ಪದರದಲ್ಲಷ್ಟೇ ಬಣ್ಣ ನಿಂತಿದ್ದರೆ, ಉಜ್ಜಿದಾಗ ಒಳಗಿನ ಬಿಳಿಯೂ ಹೊರಬರುತ್ತದೆ.

ಪ್ಯಾಂಟ್ ನೋಡಿದರೇ ಇದು ಗೊತ್ತಾಗುತ್ತದೆ. ಪಕ್ಕದ ಹೊಲಿಗೆ ದಿಂಡಿನ ಜೊತೆಜೊತೆಗೇ ಇಳಿಯುತ್ತದೆ. ಅಲ್ಲಿ ಒಂದೇ ದಿಂಡು ಉದ್ದಕ್ಕೂ ಬೋಳಾಗಿ ಗೀಟು ಎಳೆದ ಹಾಗೆ ಕಾಣುತ್ತದೆ. ಕೆಳಮಡಿಕೆ ದಿಂಡುಗಳಿಗೆ ಅಡ್ಡ. ಅಲ್ಲಿ ಪ್ರತಿ ದಿಂಡೂ ಬಾಗುವ ಒಂದು ಬಿಂದುವಿನಲ್ಲಿ ಸವೆಯುತ್ತದೆ, ಹತ್ತಿರದಿಂದ ನೋಡಿದರೆ ಚುಕ್ಕಿ ಚುಕ್ಕಿ ಸಾಲು. ಓರೆ ಜೇಬಿನ ಬಾಯಲ್ಲಿ ಅದೇ ಚುಕ್ಕಿಗಳು ಓರೆಯಾಗಿ ಸಾಲುಗಟ್ಟುತ್ತವೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣ ದೂಳು. ಬೀದರಿನ ಕೆಂಪು ಮಣ್ಣು ದಿಂಡಿನ ಸಂದಿಯಲ್ಲಿ ಕೂತುಬಿಡುತ್ತದೆ. ಅದರ ಕಣ ಒರಟು. ದೂಳು ಇದ್ದಂತೆಯೇ ನೆನೆಸಿ ತಿಕ್ಕಿದರೆ ಮರಳು ಕಾಗದದಿಂದ ಉಜ್ಜಿದಂತೆಯೇ.

ಒಗೆಯುವ ಕ್ರಮ

ಮೊದಲು ಒಣಗಿದ್ದಾಗಲೇ ಕೊಡವಿ. ಮೆತ್ತನೆಯ ಬ್ರಷ್ ತಗೊಂಡು ದಿಂಡಿನ ಉದ್ದಕ್ಕೆ ಎಳೆಯಿರಿ. ಅಡ್ಡ ಎಳೆಯಬೇಡಿ. ಕೆಳಮಡಿಕೆ ಬಿಚ್ಚಲು ಬಂದರೆ ಒಳಗಿನ ಮಣ್ಣೂ ತೆಗೆಯಿರಿ, ಅಲ್ಲಿ ಒಂದು ಚಿಟಿಕೆಯಾದರೂ ಸಿಗುತ್ತದೆ. ಆಮೇಲೆ ಜಿಪ್ಪು, ಗುಂಡಿ ಹಾಕಿ ಒಳಮಗ್ಗುಲು ಹೊರಗೆ ಬರುವಂತೆ ತಿರುವಿ.

ಕೈಯಲ್ಲಿ ಒಗೆಯುವುದಾದರೆ ಒಂದು ದೊಡ್ಡ ಬಕೆಟ್ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಬಟ್ಟೆ ಸೋಪಿನ ಬಾರ್ ಬೇಡ. ಬೋರಿನ ಗಡಸು ನೀರಿನಲ್ಲಿ ಸೋಪು ಒಡೆದು ಬಿಳಿ ಗಷ್ಟಾಗುತ್ತದೆ. ಅದು ರೋಮದ ಬುಡದಲ್ಲಿ ಸಿಕ್ಕಿಕೊಂಡು ಒಣಗಿದ ಮೇಲೆ ದಿಂಡು ಗಡುಸಾಗುತ್ತದೆ, ಬಣ್ಣವೂ ಮಂಕು. ಲಿಕ್ವಿಡ್ ಡಿಟರ್ಜೆಂಟ್ ಒಂದು ಚಮಚ ಹಾಕಿ, ಪೂರ್ತಿ ಕರಗಿದ ಮೇಲೆ ಪ್ಯಾಂಟ್ ಇಳಿಸಿ. ಹದಿನೈದು ನಿಮಿಷ ನೆನೆಸಿದರೆ ಸಾಕು. ಕೈಯಿಂದ ಅದುಮಿ, ಬಿಡಿ, ಮತ್ತೆ ಅದುಮಿ. ಕಲ್ಲಿಗೆ ಬಡಿಯುವುದು, ಪ್ಲಾಸ್ಟಿಕ್ ಬ್ರಷ್ಷಿನಿಂದ ಮಡಿಕೆ ತಿಕ್ಕುವುದು, ಹಿಂಡುವುದು ಮೂರೂ ಬೇಡ. ತಿಕ್ಕಿದರೆ ಮಡಿಕೆಯ ರೋಮ ಹೋಗುತ್ತದೆ, ಹಿಂಡಿದರೆ ಹಸಿ ದಿಂಡು ಅಡ್ಡಾದಿಡ್ಡಿ ಮಲಗಿ ಹಾಗೇ ಒಣಗುತ್ತದೆ. ನೀರು ತಿಳಿಯಾಗುವವರೆಗೆ ಜಾಲಾಡಿ.

ಮೊದಲ ಒಗೆತದಲ್ಲಿ ಬಕೆಟ್ಟಿನ ತಳಕ್ಕೆ ಬಣ್ಣದ ಪುಡಿ ಬಂದರೆ ಗಾಬರಿ ಬೇಡ, ಕೊಯ್ಯುವಾಗ ಉಳಿದ ಚೂರುಗಳವು. ನಾಲ್ಕೈದು ಒಗೆತವಾದರೂ ಎಳೆ ಎಳೆಯಾಗಿ ಬರುತ್ತಲೇ ಇದ್ದರೆ ರೋಮದ ಹಿಡಿತವೇ ಸಡಿಲ. ಅಂಥ ಬಟ್ಟೆ ಅಂಚಿನಲ್ಲಿ ಬೇಗ ಬೋಳಾಗುತ್ತದೆ.

ಮಷಿನ್ನಿಗೆ ಹಾಕುವುದಾದರೆ ನಾಜೂಕು ಬಟ್ಟೆಯ ಸೈಕಲ್, 30 ಡಿಗ್ರಿ, ಡ್ರಮ್ಮಿನಲ್ಲಿ ಅರ್ಧ ಜಾಗ ಖಾಲಿ. ಟವೆಲ್ ಜೊತೆಗೆ ಹಾಕಬೇಡಿ, ಅದರ ಬಿಳಿ ಎಳೆ ಸಂದಿಯಲ್ಲಿ ಸೇರಿಕೊಂಡರೆ ತೆಗೆಯುವುದು ದೊಡ್ಡ ತಲೆನೋವು. ಸೆಮಿ ಆಟೋಮ್ಯಾಟಿಕ್ ಇದ್ದರೆ ಒಗೆಯುವ ತೊಟ್ಟಿಯಲ್ಲಿ ಮೂರ್ನಾಲ್ಕು ನಿಮಿಷ, ಡ್ರೈಯರಿನಲ್ಲಿ ಅರ್ಧ ನಿಮಿಷ. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಒತ್ತಿಹೋದ ಸುಕ್ಕುಗಳು ಹಾಗೇ ಉಳಿದುಬಿಡುತ್ತವೆ.

ಒಣಗಿಸುವಾಗ ಹಗ್ಗದ ಮೇಲೆ ನಡುವೆ ಮಡಚಿ ಹಾಕಬೇಡಿ. ಮಡಚಿದ ಗೆರೆಗೆ ಬಿಸಿಲೂ ಬೀಳುತ್ತದೆ, ಒತ್ತಡವೂ ಬೀಳುತ್ತದೆ. ಸೊಂಟದ ಪಟ್ಟಿಗೆ ಎರಡು ಕ್ಲಿಪ್ ಹಾಕಿ, ಒಳಮಗ್ಗುಲು ಹೊರಗಿರುವಂತೆ ನೆರಳಿನಲ್ಲಿ ನೇತುಹಾಕಿ. ಮುಖ್ಯ ಕೆಲಸ ಇನ್ನು ಸ್ವಲ್ಪ ಹಸಿ ಇದೆ ಅನ್ನುವಾಗ. ಪ್ಯಾಂಟನ್ನು ಸರಿಮಗ್ಗುಲಿಗೆ ತಿರುವಿ, ಎರಡು ಕಾಲನ್ನೂ ಹಿಡಿದು ಜೋರಾಗಿ ನಾಲ್ಕು ಸಲ ಒದರಿ. ಬ್ರಷ್ಷನ್ನು ಮೊದಲು ರೋಮಕ್ಕೆ ಎದುರಾಗಿ ಹಗುರವಾಗಿ, ಆಮೇಲೆ ರೋಮ ಮಲಗುವ ಕಡೆಗೆ ಎಳೆಯಿರಿ. ದಿಂಡು ಏಳುವುದು ಈ ಹೊತ್ತಿನಲ್ಲೇ. ಪೂರ್ತಿ ಒಣಗಿದ ಮೇಲೆ ಎಷ್ಟು ಬ್ರಷ್ ಮಾಡಿದರೂ ಅಷ್ಟು ಏಳುವುದಿಲ್ಲ.

ಇಸ್ತ್ರಿ ಅಂಗಡಿಗೆ ಕೊಡುವಾಗ ಬಾಯಿಬಿಟ್ಟು ಹೇಳಿ: ಒಳಮಗ್ಗುಲಿಂದ ಮಾತ್ರ, ಕೆಳಗೆ ದಪ್ಪ ಟವೆಲ್, ಕ್ರೀಸ್ ಬೇಡ. ಸುಮ್ನೆ ಕೊಟ್ಟುಬಂದರೆ ಅಭ್ಯಾಸಬಲದಿಂದ ಮುಂದೆ ಚೂಪಾದ ಕ್ರೀಸ್ ಕೂರಿಸಿ ಕೊಡುತ್ತಾರೆ. ಆ ಕ್ರೀಸ್ ಅಂದರೆ ನೀವೇ ಕಾಸು ಕೊಟ್ಟು ಮಾಡಿಸಿಕೊಂಡ ಇನ್ನೊಂದು ಅಂಚು, ಆರು ತಿಂಗಳಲ್ಲಿ ಅದೂ ಬೆಳ್ಳಗಾಗುತ್ತದೆ.

ಆಗಲೇ ಬಿಳಿಚಿದ್ದರೆ

ನಮ್ಮ ಕಾಫಿ ಬಣ್ಣದ ಪ್ಯಾಂಟಿಗೆ ಬರೋಣ. ಕ್ಯಾಮೆರಾದಲ್ಲಿ ಒಂದೊಂದೇ ಜಾಗ ನೋಡಿ. ಮೊಣಕಾಲಿನಲ್ಲಿ ದಿಂಡಿನ ಆಕಾರ ಇದೆ, ರೋಮ ಹೊಳೆಯುತ್ತಾ ಮಲಗಿದೆ. ಇದು ಸರಿಯಾಗುತ್ತದೆ. ಹಿಂಬದಿಯಿಂದ ಕುಕ್ಕರ್ ಅಥವಾ ಪಾತ್ರೆಯ ಆವಿ ಹಿಡಿಯಿರಿ, ಕೈ ಸುಡದಂತೆ ದೂರದಿಂದ. ಬಿಸಿ ಇರುವಾಗಲೇ ಬ್ರಷ್ ಮಾಡಿ. ಪಕ್ಕದ ಹೊಲಿಗೆಯಲ್ಲಿ ಬಿಳಿ ಪುಡಿಯಂಥದ್ದು ಬುಡದಲ್ಲಿ ಕೂತಿದೆ, ಒದ್ದೆ ಬೆರಳಿನಿಂದ ಒರೆಸಿದರೆ ಬೆರಳಿಗೆ ಬರುತ್ತದೆ. ಅದು ಸೋಪಿನ ಗಷ್ಟು, ಬರೀ ನೀರಿನಲ್ಲಿ ಇನ್ನೆರಡು ಸಲ ಜಾಲಾಡಿ.

ಜೇಬಿನ ಬಾಯಲ್ಲಿ, ಕೆಳಮಡಿಕೆಯಲ್ಲಿ ಮಾತ್ರ ಅಡ್ಡ ಉದ್ದ ನೂಲು ಕಾಣುತ್ತಿದೆ, ರೋಮವೇ ಇಲ್ಲ. ಇದಕ್ಕೆ ಆವಿಯೂ ಇಲ್ಲ, ಬ್ರಷ್ಷೂ ಇಲ್ಲ. ಬಣ್ಣ ಹಾಕಿಸಿದರೆ ಬೋಳು ನೇಯ್ಗೆ ಬಣ್ಣ ಹಿಡಿಯುತ್ತದೆ, ಆದರೆ ರೋಮದ ಆಳ ಬರುವುದಿಲ್ಲ. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರ್ ದಾರಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಹೊಲಿಗೆಗಳೆಲ್ಲ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತವೆ. ನಾನಾದರೆ ಜೇಬನ್ನು ಹಾಗೇ ಬಿಡುತ್ತೇನೆ. ಕೆಳಮಡಿಕೆಯನ್ನು ಟೇಲರಿಗೆ ಕೊಟ್ಟು ಬಿಚ್ಚಿಸಿ, ಸವೆದ ಗೆರೆ ಒಳಗೆ ಹೋಗುವಂತೆ ಅರ್ಧ ಸೆಂಟಿಮೀಟರ್ ಮೇಲೆ ಮಡಿಸಿ ಹೊಲಿಸುತ್ತೇನೆ. ಉದ್ದ ಅಷ್ಟೇ ಕಡಿಮೆಯಾಗುವುದು, ಚಪ್ಪಲಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.