ಬಾಯಿ ಬಿಟ್ಟಲ್ಲಿ ಫೋಟೋ: ಸ್ಕ್ರೀನ್ ರೆಕಾರ್ಡಿಂಗ್‌ನಿಂದ ಕೈಪಿಡಿ ಮಾಡಿದ ನನ್ನ ಅನುಭವ

"ನೀನು ಮಾತಾಡಿದ ಕಡೆ ಫೋಟೋ ತಾನಾಗಿ ಬರುತ್ತಾ? ಸುಮ್ನೆ ಒಂದೊಂದೇ ಪ್ರಿಂಟ್ ಸ್ಕ್ರೀನ್ ಹೊಡಿ ಮಾರಾಯಾ." ನಮ್ಮೂರ ಡಿಟಿಪಿ ಅಂಗಡಿಯ ಅಣ್ಣ ಹೀಗೆ ಹೇಳಿ ನಕ್ಕಿದ್ದು ಹೋದ ಮಳೆಗಾಲದಲ್ಲಿ. ಈಗ ಅದೇ ಅಣ್ಣ ಸ್ಕ್ರಿಪ್ಟ್ ಕೊಡು ಅಂತ ಕೇಳುತ್ತಿದ್ದಾನೆ. ಅವನಿಗೆ ಕೊಡುವ ಬದಲು ಇಲ್ಲೇ ಬರೆದುಬಿಡೋಣ ಅನಿಸಿತು.

ನಾನು ಅಂಗಡಿಗಳಿಗೆ ಟ್ಯಾಲಿ ಹಾಕಿಕೊಟ್ಟು, ಹುಡುಗರಿಗೆ ಕಲಿಸುವವನು. ಗೊಬ್ಬರ, ಔಷಧಿ ಮಾರುವ ಒಬ್ಬ ಗಿರಾಕಿಗೆ ಐದು ಶಾಖೆ. ಪ್ರತಿ ಶಾಖೆಯಲ್ಲೂ ವರ್ಷಕ್ಕೊಮ್ಮೆ ಹುಡುಗ ಬದಲಾಗುತ್ತಾನೆ, ಪ್ರತಿ ಸಲ ನಾನು ಬೈಕ್ ಹತ್ತಬೇಕು. "ಖರೀದಿ ಬಿಲ್ ಹಾಕೋದು ಹೇಗೆ ಅಂತ ಫೋಟೋ ಸಮೇತ ಒಂದು ಪುಸ್ತಕ ಮಾಡಿಕೊಡಿ" ಅಂದರು. ನಾಲ್ಕು ಸಾವಿರಕ್ಕೆ ಒಪ್ಪಿಕೊಂಡೆ. ಎರಡು ಗಂಟೆ ಕೆಲಸ ಅಂದುಕೊಂಡಿದ್ದೆ, ಮೂರು ದಿನ ಹೋಯಿತು. ಅದರ ಮೇಲೆ ಡಿಟಿಪಿ ಅಣ್ಣನಿಗೆ ಪುಟಕ್ಕೆ 20 ರೂಪಾಯಿಯಂತೆ 34 ಪುಟ.

ಟ್ಯಾಲಿಯಲ್ಲಿ ಕೆಲಸ ಮಾಡುವವರು ಮೌಸ್ ಮುಟ್ಟುವುದಿಲ್ಲ, ನಿಮಗೆ ಗೊತ್ತೇ ಇದೆ. ಕ್ಲಿಕ್ ಹಿಡಿದು ಫೋಟೋ ತೆಗೆಯುವ ಸಾಫ್ಟ್‌ವೇರ್‌ಗಳಿಗೆ ಇಲ್ಲಿ ಹಿಡಿಯಲು ಕ್ಲಿಕ್ಕೇ ಸಿಗುವುದಿಲ್ಲ. ವಿಂಡೋಸ್‌ನ ಹಳೇ ಸ್ಟೆಪ್ಸ್ ರೆಕಾರ್ಡರ್ ಕೂಡ ನೋಡಿದೆ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ ಅದು ಕೊನೆಯ 25 ಚಿತ್ರ ಮಾತ್ರ ಇಟ್ಟುಕೊಳ್ಳುತ್ತದೆ. ಅದು ನನಗೆ ತಿಳಿದದ್ದು ಬೇರೆ ಒಂದು ಕೆಲಸದಲ್ಲಿ ಮೊದಲಿನ ಹದಿನೈದು ಹೆಜ್ಜೆ ಕಳೆದುಕೊಂಡ ಮೇಲೆ.

ಸರಿ, ಒಬಿಎಸ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ffmpeg ಕೈಲಿ ಫೋಟೋ ಕೀಳಿಸೋಣ ಅಂತ ಕೂತೆ. ಎಲ್ಲರೂ ಹೇಳುವ ದಾರಿ ದೃಶ್ಯ ಬದಲಾವಣೆ ಹಿಡಿಯುವುದು, ಅದೇ `select='gt(scene,0.4)'`. ಹನ್ನೊಂದು ನಿಮಿಷದ ರೆಕಾರ್ಡಿಂಗ್‌ನಲ್ಲಿ ಸಿಕ್ಕಿದ್ದು ಎರಡು ಚಿತ್ರ. 0.4 ಅನ್ನುವುದು ಸಿನಿಮಾಕ್ಕೆ ಸರಿ, ಶಾಟ್ ಬದಲಾದರೆ ಇಡೀ ಪರದೆ ಬದಲಾಗುತ್ತದೆ. ಬಿಲ್ ನಂಬರ್ ಟೈಪ್ ಮಾಡಿದರೆ ಬದಲಾಗುವುದು ಬೆರಳಗಲ ಜಾಗ. 0.01ಕ್ಕೆ ಇಳಿಸಿದೆ, ಸುಮಾರು ಇನ್ನೂರು ಚಿತ್ರ ಬಿತ್ತು. ಬಲಗಡೆ ಪಟ್ಟಿ ತೆರೆದಾಗಲೆಲ್ಲ ಒಂದು, ಮುಚ್ಚಿದಾಗಲೆಲ್ಲ ಇನ್ನೊಂದು. ನನಗೆ ಬೇಕಾದ ಬಿಲ್ ನಂಬರ್ ತುಂಬಿದ ಚಿತ್ರ ಮಾತ್ರ ಅದರಲ್ಲಿ ಇಲ್ಲ.

ಎರಡು ರಾತ್ರಿ ಆ ಅಂಕಿಯನ್ನು ಮೇಲೆ ಕೆಳಗೆ ಮಾಡಿ ಕಳೆದೆ. ಆಮೇಲೆ ಹೊಳೆಯಿತು, ತಪ್ಪು ಅಂಕಿಯದ್ದಲ್ಲ. ಪರದೆ ಬದಲಾದ ಕ್ಷಣ ನನಗೆ ಬೇಕಾಗೇ ಇಲ್ಲ. ಫೀಲ್ಡ್ ತುಂಬಿದೆ, ಎಂಟರ್ ಇನ್ನೂ ಒತ್ತಿಲ್ಲ, ಆ ಕ್ಷಣ ಬೇಕು. ಅದು ಪರದೆ ಏನೂ ಅಲುಗಾಡದೆ ನಿಂತಿರುವ ಹೊತ್ತು. ಅದನ್ನು ಕಂಪ್ಯೂಟರ್ ಹೇಗೆ ಕಂಡುಹಿಡಿಯಬೇಕು? ನಾನೇ ಹೇಳಬೇಕು. ಹೇಳುವುದಾದರೆ ಬಾಯಲ್ಲೇ ಯಾಕೆ ಹೇಳಬಾರದು?

ಹೀಗೆ ಶುರುವಾಯಿತು. ಫೀಲ್ಡ್ ತುಂಬುತ್ತೇನೆ, ಕೈ ಎತ್ತುತ್ತೇನೆ. "ಸಪ್ಲೈಯರ್ ಬಿಲ್ ನಂಬರ್ ಹಾಕಿ, ಎಂಟರ್ ಒತ್ತಿ" ಅಂತ ಜೋರಾಗಿ ಹೇಳುತ್ತೇನೆ. ಹೇಳಿ ಮುಗಿದ ಮೇಲೆ ಎಂಟರ್. ಮೌನ ಮುರಿದ ಕ್ಷಣದಲ್ಲಿ ಚಿತ್ರ, ಆಡಿದ ಮಾತೇ ಅದರ ಅಡಿಬರಹ. ffmpegನಲ್ಲಿ ಮೌನ ಪತ್ತೆ ಮಾಡುವ `silencedetect` ಇದ್ದೇ ಇದೆ. ಮೌನ ಎಲ್ಲಿ ಮುಗಿಯಿತು ಅನ್ನುವುದನ್ನು `silence_end` ಅಂತ ಬರೆದುಕೊಡುತ್ತದೆ.

ಮೊದಲ ಸಲ 31 ಹೆಜ್ಜೆ ಹೇಳಿದೆ, 140 ಚಿತ್ರ ಬಂತು! ಕೀಬೋರ್ಡಿನ ಟಕಟಕವೂ ಅದಕ್ಕೆ ಮಾತೇ. ಫ್ಯಾನ್ ಆಫ್ ಮಾಡಿದೆ, ಇಯರ್‌ಫೋನ್ ಮೈಕನ್ನು ಕಾಲರ್‌ಗೆ ಸಿಕ್ಕಿಸಿದೆ. ಎರಡನೇ ಸಲ ಐವತ್ತಕ್ಕೆ ಇಳಿಯಿತು. ಅದರಲ್ಲಿ ಮೂರು ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ, ಒಂದು ಹಾಲಿನವನ ಹಾರ್ನ್.

ಪರಿಹಾರ ಒಬಿಎಸ್ ಒಳಗೇ ಇತ್ತು. ಮೈಕಿಗೆ ಪುಷ್-ಟು-ಟಾಕ್ ಹಾಕಬಹುದು. ಒಂದು ಕೀ ಒತ್ತಿ ಹಿಡಿದಾಗ ಮಾತ್ರ ಮೈಕ್ ಬದುಕಿರುತ್ತದೆ, ಬಿಟ್ಟರೆ ಪೂರ್ತಿ ಸತ್ತ ಮೌನ. ಇದರಿಂದ ನಾನು ಲೆಕ್ಕ ಹಾಕದ ಇನ್ನೊಂದು ಲಾಭವೂ ಸಿಕ್ಕಿತು. ಮೊದಲು ವಾಕ್ಯದ ನಡುವೆ ಉಸಿರು ತೆಗೆದರೂ ಅದನ್ನು ಮೌನ ಅಂತ ಎಣಿಸಿ, ಒಂದೇ ಹೆಜ್ಜೆಗೆ ಎರಡು ಚಿತ್ರ ಕೊಡುತ್ತಿತ್ತು. ಈಗ ಮೌನದ ಮಿತಿಯನ್ನು ಕೋಣೆಯ ಸದ್ದಿಗಿಂತ ಕೆಳಗೆ, -50ಕ್ಕೆ ಇಟ್ಟೆ. ಕೀ ಒತ್ತಿರುವಷ್ಟು ಹೊತ್ತು ಫ್ಯಾನಿನ ಗುಂಯ್ ಸದ್ದೇ ಮೌನವಾಗದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಫ್ಯಾನ್ ಮತ್ತೆ ಆನ್. ಆದರೆ ಒಬಿಎಸ್‌ನ ನಾಯ್ಸ್ ಸಪ್ರೆಶನ್ ಫಿಲ್ಟರ್ ತೆಗೆದುಬಿಡಿ. ಅದಿದ್ದರೆ ಉಸಿರಿನ ಬಿಡುವು ಮತ್ತೆ ಮೌನವಾಗುತ್ತದೆ. ಡೆಸ್ಕ್‌ಟಾಪ್ ಸದ್ದನ್ನೂ ಮ್ಯೂಟ್ ಮಾಡಿ, ಇಲ್ಲದಿದ್ದರೆ ಪ್ರತಿ ಬೀಪ್‌ಗೂ ಒಂದು ಫೋಟೋ.

ಎಫ್ ಕೀಗಳನ್ನೆಲ್ಲ ಟ್ಯಾಲಿಯೇ ಬಳಸಿಕೊಂಡಿರುವಾಗ ಪುಷ್-ಟು-ಟಾಕ್‌ಗೆ ನಾನು ಯಾವುದನ್ನು ಇಟ್ಟಿದ್ದೇನೆ ಅಂತ ಮಾತ್ರ ಕೇಳಬೇಡಿ. ಕೈ ಎರಡೂ ಖಾಲಿ ಇರುತ್ತವೆ ಅಷ್ಟೇ ಹೇಳುತ್ತೇನೆ. ಅದಕ್ಕೆ ಖರ್ಚು 400 ರೂಪಾಯಿ ಒಳಗೇ ಆಯಿತು.

ಇದನ್ನು ಗಿಟ್ ಬ್ಯಾಷ್‌ನಲ್ಲಿ ಓಡಿಸುತ್ತೇನೆ:

```
ffmpeg -i kharidi.mkv -af silencedetect=noise=-50dB:d=0.5 -f null - 2> log.txt
n=1
grep -o 'silence_end: [0-9.]*' log.txt | cut -d' ' -f2 |
while read t; do
  ffmpeg -nostdin -ss "$t" -i kharidi.mkv -frames:v 1 "$(printf %02d $n).png"
  n=$((n+1))
done
```

ಆ `-nostdin` ಬಿಟ್ಟರೆ ಕೆಟ್ಟಿರಿ. ಲೂಪ್ ಓದಬೇಕಾದ ಸಮಯದ ಪಟ್ಟಿಯನ್ನು ffmpegಏ ಕೀಬೋರ್ಡ್ ಇನ್‌ಪುಟ್ ಅಂದುಕೊಂಡು ನುಂಗುತ್ತದೆ. ನನಗೆ ಮೊದಲ ಚಿತ್ರ ಸರಿಯಾಗಿ ಬಂದು, ಉಳಿದವು ಎಲ್ಲೆಲ್ಲಿಯದೋ ಆಗಿದ್ದವು. ಅರ್ಧ ದಿನ ರೆಕಾರ್ಡಿಂಗ್ ಕೆಟ್ಟಿದೆ ಅಂದುಕೊಂಡೇ ಕೂತಿದ್ದೆ.

ಖರೀದಿ ಬಿಲ್ ರೆಕಾರ್ಡಿಂಗ್ ಈಗ ನಡೆಯುವುದು ಹೀಗೆ. ಶುರುವಿನಲ್ಲಿ ಎರಡು ಸೆಕೆಂಡ್ ಸುಮ್ಮನೆ ಕೂರುತ್ತೇನೆ. ಮೌನ ಇದ್ದರೆ ತಾನೇ ಅದು ಮುಗಿಯುವುದು? ಇಲ್ಲದಿದ್ದರೆ ಮೊದಲ ಹೆಜ್ಜೆಯೇ ಮಾಯ. ಆಮೇಲೆ `Vouchers` ತೆರೆದು `F9`. `F2` ಒತ್ತಿ ತಾರೀಕು ಹಾಕಿ, ನಿಂತು, ಮಾತು. ಬಿಲ್ ನಂಬರ್ ತುಂಬಿ, ನಿಂತು, ಮಾತು. `Party A/c name`ನಲ್ಲಿ ಮೂರು ಅಕ್ಷರ ಹೊಡೆದರೆ ಪಟ್ಟಿ ಇಳಿದು ಹೆಸರು ಕಾಣಿಸುತ್ತದೆ, ಅಲ್ಲಿ ನಿಂತು ಮಾತು. ಔಷಧಿಗೆ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಕೇಳುತ್ತದೆ. ಹುಡುಗರು ತಪ್ಪುವುದು ಅಲ್ಲೇ, ಹಾಗಾಗಿ ಅಲ್ಲಿ ಎರಡು ಹೆಜ್ಜೆ ಜಾಸ್ತಿ. ಕೊನೆಗೆ ಒಟ್ಟು ಮೊತ್ತವನ್ನು ಕಾಗದದ ಬಿಲ್ಲಿಗೆ ಹೋಲಿಸಿ ನೋಡಲು ಹೇಳಿ `Ctrl+A`.

ಹೇಳಿದ ಹೆಜ್ಜೆಗಳನ್ನು ಕಾಗದದ ಮೇಲೆ ಗೆರೆ ಎಳೆದು ಎಣಿಸಿರುತ್ತೇನೆ. ಹೋದ ಸಲ ಗೆರೆ 31, ಚಿತ್ರ 30. ಎಷ್ಟು ಚೀಲ ಮತ್ತು ರೇಟು, ಈ ಎರಡರ ನಡುವೆ ಅರ್ಧ ಸೆಕೆಂಡೂ ಬಿಟ್ಟಿರಲಿಲ್ಲ, ಎರಡು ಹೆಜ್ಜೆ ಒಂದಾಗಿತ್ತು. ಎಣಿಸದಿದ್ದರೆ ರೇಟಿನ ಚಿತ್ರ ಇಲ್ಲದ ಪುಸ್ತಕ ಹೋಗುತ್ತಿತ್ತು.

ಇನ್ನೊಂದು ಅನುಕೂಲ ನೋಡಿ, ಕೆಂಪು ಚೌಕ ಎಳೆಯುವ ಕೆಲಸವೂ ಇಲ್ಲ. ಕರ್ಸರ್ ಇರುವ ಫೀಲ್ಡಿಗೆ ಟ್ಯಾಲಿಯೇ ಹಳದಿ ಬಣ್ಣ ಹಾಕಿರುತ್ತದೆ. ಕಲರ್ ಪ್ರಿಂಟ್ ಪುಟಕ್ಕೆ ಹತ್ತು ರೂಪಾಯಿ ಅಂತ ಕಪ್ಪು-ಬಿಳುಪಿನಲ್ಲಿ ಒಂದು ಸಲ ತೆಗೆಸಿದೆ. ಹಳದಿ ಬಿಳಿಯಲ್ಲಿ ಕಲೆತು ಮಾಯವಾಯಿತು. ಈಗ ಒಂದು ಕಲರ್ ಪ್ರತಿ ಶಾಖೆಯ ಗೋಡೆಗೆ, ಉಳಿದದ್ದು ಪಿಡಿಎಫ್. ವಾಟ್ಸಾಪ್‌ನಲ್ಲಿ ಬಿಡಿ ಚಿತ್ರವಾಗಿ ಕಳಿಸಬೇಡಿ, ಅಕ್ಷರ ಮಸುಕಾಗುತ್ತದೆ.

ಜಾಸ್ತಿ ದುಡ್ಡು ಹೋಗಿದ್ದು ಅಡಿಬರಹದಲ್ಲಿ. ಜಾಣತನ ತೋರಿಸಲು ಹೋಗಿ ಇಮೇಜ್‌ಮ್ಯಾಜಿಕ್‌ನಲ್ಲಿ ಚಿತ್ರದ ಮೇಲೇ ಕನ್ನಡ ಬರೆಸಿದೆ. ನನ್ನ ಕಂಪ್ಯೂಟರ್‌ನಲ್ಲಿದ್ದ ಆವೃತ್ತಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. "ಒತ್ತಿ" ಅನ್ನುವುದರಲ್ಲಿ ತಕಾರದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ಬಿದ್ದಿತ್ತು. ಸಣ್ಣ ಅಕ್ಷರ, ಪರದೆ ಮೇಲೆ ಕಾಣಲಿಲ್ಲ. ಐದು ಪ್ರತಿ ಕಲರ್ ಪ್ರಿಂಟ್ ಆದ ಮೇಲೆ ಕಂಡಿತು. ಸಾವಿರದ ಐನೂರು ಚಿಲ್ಲರೆ ರೂಪಾಯಿ ರದ್ದಿಗೆ. ಈಗ ಚಿತ್ರದೊಳಗೆ ಒಂದಕ್ಷರ ಬರೆಯುವುದಿಲ್ಲ. ಸಾದಾ ಎಚ್‌ಟಿಎಂಎಲ್ ಪುಟದಲ್ಲಿ ಮೇಲೆ ಚಿತ್ರ, ಕೆಳಗೆ ಯೂನಿಕೋಡ್ ಸಾಲು. ಬ್ರೌಸರ್‌ನಿಂದಲೇ ಪ್ರಿಂಟ್ ಕೊಟ್ಟು ಪಿಡಿಎಫ್. ಬ್ರೌಸರ್‌ಗೆ ಒತ್ತು ಸರಿಯಾಗಿ ಕೂಡಿಸಲು ಬರುತ್ತದೆ. ಸಾಲು ತಿದ್ದಬೇಕಾದರೂ ಚಿತ್ರ ಮುಟ್ಟಬೇಕಿಲ್ಲ.

ಅಡಿಬರಹವನ್ನು ರೆಕಾರ್ಡಿಂಗ್ ಕೇಳಿಕೊಂಡು ಕೈಯಲ್ಲೇ ಟೈಪ್ ಮಾಡುತ್ತೇನೆ, 31ಕ್ಕೆ ಮುಕ್ಕಾಲು ಗಂಟೆ. ಮೊದಲೆಲ್ಲ ಕೂತು ಬರೆಯುವಾಗ "ಸರಬರಾಜುದಾರರ ಹೆಸರನ್ನು ಆಯ್ಕೆ ಮಾಡುವುದು" ಅಂತ ಸರ್ಕಾರಿ ಸುತ್ತೋಲೆ ಥರ ಬರುತ್ತಿತ್ತು. ಬಾಯಿಂದ ಬಂದದ್ದು "ಪಾರ್ಟಿ ಹೆಸರು ಬಂತಾ ನೋಡಿ, ಎಂಟರ್ ಒತ್ತಿ". ಅದೇ ಉಳಿಸಿಕೊಂಡೆ. ಹತ್ತು ಪದ ದಾಟಿದರೆ ಅದು ಎರಡು ಹೆಜ್ಜೆ ಅಂತ ಅರ್ಥ, ಮತ್ತೆ ರೆಕಾರ್ಡ್ ಮಾಡುತ್ತೇನೆ.

ನಡುವೆ ಗಿಫ್ ಹುಚ್ಚೂ ಹಿಡಿದಿತ್ತು. ಪ್ರತಿ ಹೆಜ್ಜೆಗೂ ಮೂರು ಸೆಕೆಂಡಿನ ಓಡುವ ಚಿತ್ರ. ನೋಡಲು ಚಂದ. ಆದರೆ ಹುಡುಗ ಒಂದು ಕೈಯಲ್ಲಿ ಬಿಲ್ ಹಿಡಿದು ಪರದೆ ನೋಡುವಷ್ಟರಲ್ಲಿ ಅದು ಮುಗಿದು ಮತ್ತೆ ಶುರುವಾಗಿರುತ್ತಿತ್ತು. ಬಿಟ್ಟೆ.

ಒಂದು ತಪ್ಪು ಮಾತ್ರ ನನ್ನದೇ ದಡ್ಡತನ. ಮೊದಲ ಪುಸ್ತಕವನ್ನು ಅಂಗಡಿಯ ನಿಜವಾದ ಲೆಕ್ಕದ ಮೇಲೇ ರೆಕಾರ್ಡ್ ಮಾಡಿದ್ದೆ. ಯಜಮಾನರು ಯಾವ ರೇಟಿಗೆ ಮಾಲು ತರುತ್ತಾರೆ ಅನ್ನುವುದು ಐದೂ ಶಾಖೆಯ ಗೋಡೆ ಮೇಲೆ ಅಂಟಿತು. ಫೋನಿನಲ್ಲಿ ಬೈಸಿಕೊಂಡು, ಅದೇ ದಿನ ಸುತ್ತಾಡಿ ಕಿತ್ತು ತಂದೆ. ಈಗ ಟ್ಯಾಲಿಯಲ್ಲಿ ಬೇರೆ ಕಂಪನಿ ತೆರೆದು, ಸುಳ್ಳು ಪಾರ್ಟಿ, ಸುಳ್ಳು ರೇಟು ಹಾಕಿಯೇ ಶುರು ಮಾಡುವುದು. ಚೀಲಕ್ಕೆ 100 ರೂಪಾಯಿ ಅಂತ ಉರುಟು ಲೆಕ್ಕ ಇಟ್ಟರೆ ಹುಡುಗರಿಗೆ ಮೊತ್ತ ತಾಳೆ ನೋಡಲೂ ಸುಲಭ.

ಈಗ ಒಂದು ಪುಸ್ತಕಕ್ಕೆ ಮೂರು ಗಂಟೆ ಸಾಕು, ಎರಡೂವರೆ ಸಾವಿರ ತೆಗೆದುಕೊಳ್ಳುತ್ತೇನೆ. ಮಾರಾಟ, ರಿಟರ್ನ್, ಸ್ಟಾಕ್ ವರ್ಗಾವಣೆ ಸೇರಿ ಏಳು ಆಗಿದೆ. ಪರದೆ ಬದಲಾದರೆ ಪೂರ್ತಿ ಮತ್ತೆ ಮಾಡುವುದಿಲ್ಲ, ಬದಲಾದ ಮೂರ್ನಾಲ್ಕು ಹೆಜ್ಜೆಯಷ್ಟೇ ಮಾತಾಡಿ, ಅದೇ ನಂಬರಿನ ಹೆಸರು ಕೊಟ್ಟು ಹಳೇ ಚಿತ್ರದ ಮೇಲೆ ಹಾಕುತ್ತೇನೆ. ಡಿಟಿಪಿ ಅಣ್ಣನಿಗೆ ಈಗಲೂ ಪುಟಕ್ಕೆ ಐದು ರೂಪಾಯಿ ಹೋಗುತ್ತದೆ, ಲ್ಯಾಮಿನೇಷನ್‌ಗೆ.