ದುಬಾರಿ ಫ್ಲೈಟ್‌ಗೆ ಮ್ಯಾನೇಜರ್ ಒಪ್ಪಿಗೆ ಕೇಳುವಾಗ

ಬಜ್ಪೆಯಿಂದ ಮುಂಬೈಗೆ ಆಫೀಸ್ ಕೆಲಸಕ್ಕೆ ಹೋಗುವವರು "ನೇರ ಫ್ಲೈಟ್ ಆರಾಮ" ಅಂತ ಬರೆಯಬೇಡಿ. ಅದು ಸುಮ್ನೆ ನಿಮ್ಮ ಅನುಕೂಲದ ಮಾತಾಗುತ್ತದೆ, ಅಲ್ವಾ? ಮೀಟಿಂಗ್ ಸಮಯದಿಂದ ಶುರು ಮಾಡಿ. ಉದಾಹರಣೆಗೆ ಹೀಗೆ:

"ಸರ್, ಮಂಗಳವಾರ 11.30ಕ್ಕೆ ಬಿಕೆಸಿಯಲ್ಲಿ, 3 ಗಂಟೆಗೆ ಅಂಧೇರಿಯಲ್ಲಿ ಮೀಟಿಂಗ್ ಇದೆ. ಬೆಂಗಳೂರಿನಲ್ಲಿ ಬದಲಾಯಿಸಿ ಹೋಗುವ ಫ್ಲೈಟ್ 4,600 ರೂಪಾಯಿ, ಆದರೆ ಇಳಿಯುವುದೇ 10.50ಕ್ಕೆ. ನೇರ ಫ್ಲೈಟ್ 7,400, 8.45ಕ್ಕೆ ಇಳಿಯುತ್ತದೆ. 2,800 ಜಾಸ್ತಿ. ಹಿಂದಿನ ದಿನವೇ 4,600ರ ಫ್ಲೈಟಲ್ಲಿ ಹೋದರೆ ಹೋಟೆಲ್‌ಗೆ ಇನ್ನೂ 3,500 ಬೇಕು. ನೇರ ಫ್ಲೈಟ್ ಬುಕ್ ಮಾಡಲೇ? ದರ ಏರಬಹುದು, ಸಂಜೆ 5ರೊಳಗೆ ತಿಳಿಸಿ."

ಇದರಲ್ಲಿ ಕೆಲಸ ಮಾಡುವುದು ಹೋಟೆಲ್ ಸಾಲು. ಮ್ಯಾನೇಜರ್ ಮೊದಲು ಕೇಳುವುದೇ "ಹಿಂದಿನ ದಿನ ಹೋಗಬಹುದಲ್ಲ?" ಅಂತ. ಉತ್ತರ ಆಗಲೇ ಅಲ್ಲಿರುತ್ತದೆ.

ಎರಡೂ ದರಗಳ ಸ್ಕ್ರೀನ್‌ಶಾಟ್ ಒಂದೇ ಹೊತ್ತಿಗೆ ತೆಗೆದು ಜೊತೆಗೆ ಕಳಿಸಿ. ಬ್ಯಾಗೇಜ್ ಎರಡರಲ್ಲೂ ಒಂದೇ ಥರ ಇರಲಿ, ಇಲ್ಲದಿದ್ದರೆ ಹೋಲಿಕೆ ತಪ್ಪಾಗುತ್ತದೆ.

ಮಳೆಗಾಲವಾದರೆ ಇನ್ನೊಂದು ಸಾಲು ಸೇರಿಸಿ: ಮೋಡ ಕವಿದು ಬಜ್ಪೆಯಲ್ಲಿ ಫ್ಲೈಟ್ ತಡವಾದರೆ ಬೆಂಗಳೂರಿನ ಮುಂದಿನ ಫ್ಲೈಟ್ ತಪ್ಪಬಹುದು. ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದರೆ ಸಾಮಾನ್ಯವಾಗಿ ಹೊಸ ಟಿಕೆಟ್ ದುಡ್ಡನ್ನು ಕಂಪನಿಯೇ ಕೊಡಬೇಕಾಗುತ್ತದೆ.